ಅಕ್ಕನ ನೋಟ್ಸು, ತಂಗಿಯ ಪರೀಕ್ಷೆ: ದಂಡ ಕಾನೂನಿನ ಹಳೆಯ ಟಿಪ್ಪಣಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೀತಿಯ ತಂಗಿಗೆ,

ನೀನು ಶಿವಮೊಗ್ಗದ ಹಾಸ್ಟೆಲಿನಿಂದ ಒಯ್ದಿರುವ ನೋಟ್ಸಿನ ಕಟ್ಟು ನನ್ನೊಬ್ಬಳದೇ ಅಲ್ಲ. ನೀಲಿ ಶಾಯಿ ನನಗಿಂತ ನಾಲ್ಕು ವರ್ಷ ಮುಂದಿದ್ದ, ತೀರ್ಥಹಳ್ಳಿ ಕಡೆಯ ಒಬ್ಬ ಅಣ್ಣನದು. ಹಸಿರು ಶಾಯಿ ನನ್ನದು. ಪೆನ್ಸಿಲಿನಲ್ಲಿ ಗೀಚಿರುವುದು ನನ್ನ ನಂತರ ಅದನ್ನು ಇಟ್ಟುಕೊಂಡಿದ್ದ ಹುಡುಗಿಯದು. ಎಷ್ಟೋ ಮಳೆಗಾಲ ಕಂಡಿರುವ ಕಟ್ಟು ಅದು. ಅಂಚಿಗೆ ಬೂಷ್ಟು ಹಿಡಿದಿದೆ, ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದು ಸ್ವಲ್ಪ ಬಿಸಿಲು ತೋರಿಸು. ನಿನ್ನ ಮುಂಚೆ ಅದನ್ನು ಒಯ್ದವರೆಲ್ಲ ನನಗೆ ಫೋನ್ ಮಾಡಿ ಕೇಳಿದ್ದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡುತ್ತಿದ್ದೇನೆ. ಇಡೀ ಕಟ್ಟಿನ ಬಗ್ಗೆ ಹೇಳಲು ಹೊರಟರೆ ಮುಗಿಯುವುದಿಲ್ಲ. ಹಾಗಾಗಿ ಕಳವಿನ ಪುಟವೊಂದನ್ನೇ ಹಿಡಿದುಕೊಂಡು ಹೇಳುತ್ತೇನೆ.

ನೋಟ್ಸಿನಲ್ಲಿ ಇರುವುದೆಲ್ಲ ಭಾರತೀಯ ದಂಡ ಸಂಹಿತೆ. ಈಗ ಇರುವುದು ಭಾರತೀಯ ನ್ಯಾಯ ಸಂಹಿತೆ. ಹಳೆಯ ಕಲಂ ಸಂಖ್ಯೆ ಹೊಡೆದು ಹೊಸದನ್ನು ಬರೆದುಕೊಂಡರೆ ಸಾಲದೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮೊಬೈಲಿನಲ್ಲಿ ಹೊಂದಾಣಿಕೆ ಪಟ್ಟಿ ಸಿಗುತ್ತದೆ; ಎಡಕ್ಕೆ ಹಳೆಯ ಸಂಖ್ಯೆ, ಬಲಕ್ಕೆ ಹೊಸದು. ಒಂದು ಸಂಜೆ ಕುಳಿತರೆ ಇಡೀ ಕಟ್ಟನ್ನು ತಿದ್ದಿಬಿಡಬಹುದು ಎನ್ನಿಸುತ್ತದೆ. ಪೆನ್ಸಿಲಿನ ಹುಡುಗಿ ಮಾಡಿದ್ದು ಅದನ್ನೇ. ಕಳವಿನ ಪುಟದಲ್ಲಿ 378 ಮತ್ತು 379 ಹೊಡೆದು 303 ಎಂದು ಬರೆದಿದ್ದಾಳೆ, 380 ಹೊಡೆದು 305 ಎಂದು ಬರೆದಿದ್ದಾಳೆ. ಸಂಖ್ಯೆ ಎರಡೂ ಸರಿ. ಅವುಗಳ ಕೆಳಗಿರುವ ಪಾಠ ಮಾತ್ರ ಅಣ್ಣ ಬರೆದಾಗ ಹೇಗಿತ್ತೋ ಹಾಗೆಯೇ ಉಳಿದಿದೆ. ಆ ಪಾಠ ಈಗ ಅರ್ಧ ಸರಿ, ಅರ್ಧ ತಪ್ಪು. ಹೊಸ ಸಂಖ್ಯೆ ಮೇಲೆ ಕುಳಿತಿರುವುದರಿಂದ ಓದುವವರಿಗೆ ಅದು ತಿದ್ದಿದ ಪುಟ ಎಂಬ ಧೈರ್ಯ ಬೇರೆ. ತಿದ್ದದೇ ಬಿಟ್ಟಿದ್ದರೆ ಕನಿಷ್ಠ ಅನುಮಾನವಾದರೂ ಬರುತ್ತಿತ್ತು.

ಸಂಖ್ಯೆಯನ್ನು ಬದಲಿಸದೇ ಬಿಟ್ಟರೆ ಆಗುವ ಅನಾಹುತ ಇನ್ನೊಂದು ಬಗೆಯದು. 2024ರ ಜುಲೈ 1ರಿಂದ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಎಂಬ ಮೂರೂ ಹೊಸ ಕಾಯ್ದೆಗಳು ಜಾರಿಯಲ್ಲಿವೆ. ದಂಡ ಸಂಹಿತೆಯಲ್ಲಿ 511 ಕಲಂಗಳಿದ್ದವು, ನ್ಯಾಯ ಸಂಹಿತೆಯಲ್ಲಿ 358. ಹಾಗಾಗಿ ಹೊಸ ಕಾಯ್ದೆಯಲ್ಲಿ 420ನೇ ಕಲಂ ಇಲ್ಲವೇ ಇಲ್ಲ. ವಂಚನೆ ಈಗ 318ರಲ್ಲಿದೆ. ಆದರೆ 302 ಇದೆ. ಅದು ಕೊಲೆಯಲ್ಲ, ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ನೋವುಂಟುಮಾಡುವ ಮಾತು. ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ. ಎಲ್ಲಕ್ಕಿಂತ ಕೆಟ್ಟ ಗುಂಡಿ 482. ನನ್ನ ಹಸಿರು ಶಾಯಿಯಲ್ಲಿ "482: ಹೈಕೋರ್ಟಿನ ಅಂತರ್ಗತ ಅಧಿಕಾರ" ಎಂದು ಎರಡು ಗೆರೆ ಎಳೆದು ಬರೆದಿದ್ದೇನೆ. ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಮಾತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಅಧಿಕಾರ 528ಕ್ಕೆ ಹೋಗಿದೆ, 482ರಲ್ಲಿ ಈಗ ನಿರೀಕ್ಷಣಾ ಜಾಮೀನು ಕುಳಿತಿದೆ. ಸಂಖ್ಯೆ ಎರಡರಲ್ಲೂ ಇದೆ, ಎರಡೂ ದೊಡ್ಡ ವಿಷಯವೇ. ಆದ್ದರಿಂದ ಓದುವಾಗ ಎಲ್ಲಿಯೂ ಎಡವಿದ ಹಾಗೆ ಅನ್ನಿಸುವುದಿಲ್ಲ. ಉತ್ತರ ಪತ್ರಿಕೆ ತಿದ್ದುವವರಿಗೆ ಮಾತ್ರ ಕಾಣುತ್ತದೆ.

ಹಾಗಿದ್ದರೆ ಕಟ್ಟನ್ನು ರದ್ದಿಗೆ ಹಾಕಿ ಹೊಸದಾಗಿಯೇ ಓದಬಾರದೇ?

ಹಾಕಬೇಡ. ಕಳವಿನ ವ್ಯಾಖ್ಯೆ 378ರಲ್ಲಿ ಹೇಗಿತ್ತೋ 303ರ ಒಂದನೇ ಉಪಕಲಮಿನಲ್ಲಿಯೂ ಹಾಗೆಯೇ ಇದೆ. ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು, ಅವರ ಸಮ್ಮತಿಯಿಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಅದನ್ನು ಜರುಗಿಸುವುದೇ ಕಳವು. ಅದರ ಕೆಳಗಿನ ವಿವರಣೆಗಳು ಮತ್ತು ದೃಷ್ಟಾಂತಗಳೂ ಉಳಿದುಕೊಂಡಿವೆ. ಅಣ್ಣ ಈ ಒಂದು ವಾಕ್ಯವನ್ನು ಐದು ತುಂಡು ಮಾಡಿ, ಪ್ರತಿಯೊಂದಕ್ಕೂ ಊರಿನದೇ ಉದಾಹರಣೆ ಬರೆದಿದ್ದಾನಲ್ಲ, ಆ ಕೆಲಸ ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅದನ್ನು ಬಿಸಾಡಿದರೆ ನಷ್ಟ ನಿನಗೇ.

ಇನ್ನೊಂದು ಕಾರಣವೂ ಇದೆ. ನಾಳೆ ನೀನು ಕೋಟು ಹಾಕಿಕೊಂಡು ನ್ಯಾಯಾಲಯಕ್ಕೆ ಬಂದಾಗ ಅಲ್ಲಿ ಹಳೆಯ ಕಾನೂನಿನ ಪ್ರಕರಣಗಳು ಇನ್ನೂ ನಡೆಯುತ್ತಿರುತ್ತವೆ. 2022ರಲ್ಲಿ ನಡೆದ ಕಳವಿನ ವಿಚಾರಣೆ ಇವತ್ತು ನಡೆದರೂ ಅದು 379ರ ಅಡಿಯಲ್ಲಿಯೇ. ಹಳೆಯ ಕಡತ ಓದಲು ಹಳೆಯ ಸಂಖ್ಯೆ ಬೇಕು. ಅದಕ್ಕಾಗಿಯೇ ಹೇಳುತ್ತೇನೆ, ಕಟ್ಟಿನ ಮೇಲೆ ನೇರವಾಗಿ ತಿದ್ದಬೇಡ. ಅಂಚಿನಲ್ಲಿ ಬರೆ, ಇಲ್ಲವೇ ನಿನ್ನದೇ ಬೇರೆ ಪುಸ್ತಕ ಮಾಡಿಕೊ.

ಆ ಬೇರೆ ಪುಸ್ತಕದಲ್ಲಿ ಏನು ಬರೆಯಬೇಕು? ಒಂದು ಪುಟವನ್ನು ಹೇಗೆ ಓದುತ್ತೀರಿ ಎಂದು ತೋರಿಸುತ್ತೀರಾ?

ತೋರಿಸುತ್ತೇನೆ. ಹೊಸ ಕಾಯ್ದೆಯ ಬರಿಯ ಪಾಠವಿರುವ ಪುಸ್ತಕವನ್ನು ಎಡಕ್ಕೆ ತೆರೆದಿಡು, ನಮ್ಮ ಕಟ್ಟನ್ನು ಬಲಕ್ಕೆ. ಮೊದಲು ಎಡಗಡೆಯದನ್ನು ಓದು. ಈ ಕ್ರಮ ತಿರುಗಿಸಬೇಡ. ನೋಟ್ಸನ್ನು ಮೊದಲು ಓದಿದರೆ, ನಂತರ ಕಾಯ್ದೆ ಓದುವಾಗ ಕಣ್ಣು ನೋಟ್ಸಿನಲ್ಲಿ ಇದ್ದದ್ದನ್ನಷ್ಟೇ ಹುಡುಕುತ್ತದೆ. ಇಲ್ಲದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಕಟ್ಟಿನಲ್ಲಿ ಒಂದು ಸಮಸ್ಯೆ ಇದೆ, ಅಣ್ಣ ಕಟ್ಟಿದ್ದು. ಒಬ್ಬಾತ ರಾತ್ರಿ ಪಕ್ಕದವರ ತೋಟಕ್ಕೆ ನುಗ್ಗಿ ದೋಟಿಯಿಂದ ಅಡಿಕೆ ಕೊನೆ ಕೊಯ್ಯುತ್ತಾನೆ. ಕೊನೆ ನೆಲಕ್ಕೆ ಬೀಳುತ್ತದೆ. ಅದನ್ನು ಚೀಲಕ್ಕೆ ತುಂಬುವ ಮುನ್ನವೇ ತೋಟದವರು ಬ್ಯಾಟರಿ ಹಿಡಿದು ಬರುತ್ತಾರೆ, ಆತ ಸಿಕ್ಕಿಬೀಳುತ್ತಾನೆ. ಇದು ಕಳವೋ, ಕಳವಿನ ಪ್ರಯತ್ನವೋ? ಅದರ ಕೆಳಗೆ ನೀಲಿ ಶಾಯಿಯ ಉತ್ತರ ಒಂದೇ ಸಾಲು: "ಕಳವು ಪೂರ್ಣ. ವಿವರಣೆ 1, 2."

ಈ ಸಾಲನ್ನು ಹಾಗೆಯೇ ಇಳಿಸಿದರೆ ಏನೂ ತಿಳಿದಂತಾಗುವುದಿಲ್ಲ. ಕಾಯ್ದೆಯ ವಿವರಣೆಗಳನ್ನು ತೆರೆದು ನೋಡು. ಮೊದಲನೆಯದು ಹೇಳುವುದು ಇಷ್ಟು: ನೆಲಕ್ಕೆ ಅಂಟಿಕೊಂಡಿರುವ ವಸ್ತು ಚರ ಸ್ವತ್ತಲ್ಲ, ಆದ್ದರಿಂದ ಅದನ್ನು ಕದಿಯಲು ಬರುವುದಿಲ್ಲ; ನೆಲದಿಂದ ಬೇರ್ಪಟ್ಟ ಕ್ಷಣದಿಂದ ಅದು ಕಳವಿಗೆ ಒಳಪಡುತ್ತದೆ. ಮರದ ಮೇಲಿರುವ ಕೊನೆ ಮರದ ಮೂಲಕ ನೆಲಕ್ಕೆ ಅಂಟಿಕೊಂಡಿದೆ. ಅಂದರೆ ದೋಟಿಯ ಕತ್ತಿ ತಾಗುವವರೆಗೂ ಅದು ಕದಿಯಬಹುದಾದ ವಸ್ತುವೇ ಅಲ್ಲ. ಎರಡನೆಯ ವಿವರಣೆ, ಬೇರ್ಪಡಿಸುವ ಕ್ರಿಯೆಯಿಂದಲೇ ವಸ್ತು ಜರುಗಿದರೆ ಆ ಜರುಗುವಿಕೆಯೂ ಕಳವಾಗಬಹುದು ಎನ್ನುತ್ತದೆ. ಕೊನೆ ಕಡಿದ ಏಟಿಗೇ ಕೆಳಕ್ಕೆ ಬಿತ್ತು. ಕಡಿದದ್ದೂ ಜರುಗಿಸಿದ್ದೂ ಒಂದೇ ಕ್ರಿಯೆ. ಚೀಲಕ್ಕೆ ತುಂಬಬೇಕಾಗಿಲ್ಲ, ಬೇಲಿ ದಾಟಬೇಕಾಗಿಲ್ಲ. ಕೊನೆ ನೆಲ ಮುಟ್ಟುವಷ್ಟರಲ್ಲಿ ಕಳವು ಪೂರ್ಣಗೊಂಡಿದೆ, ಉದ್ದೇಶ ಮುಂಚಿನಿಂದಲೇ ಅಪ್ರಾಮಾಣಿಕವಾಗಿದ್ದರೆ.

ಈಗ ಸಮಸ್ಯೆಯನ್ನು ನೀನೇ ಸ್ವಲ್ಪ ತಿರುಚಿ ನೋಡು. ಆತ ದೋಟಿ ಎತ್ತಿ ಕೊನೆಗೆ ಕತ್ತಿ ಸಿಕ್ಕಿಸಿದ್ದಾನೆ, ಇನ್ನೂ ಎಳೆದಿಲ್ಲ, ಅಷ್ಟರಲ್ಲಿ ಬ್ಯಾಟರಿ ಬೆಳಕು ಬಿತ್ತು. ಈಗ ಏನೂ ಬೇರ್ಪಟ್ಟಿಲ್ಲ, ಏನೂ ಜರುಗಿಲ್ಲ. ಇದು ಪ್ರಯತ್ನ, ಹಳೆಯದರಲ್ಲಿ 511, ಹೊಸದರಲ್ಲಿ 62. ಅಣ್ಣನ "ಕಳವು ಪೂರ್ಣ" ಎಂಬ ಸಾಲನ್ನು ಉರು ಹೊಡೆದವಳು ಇಲ್ಲಿಯೂ ಕಳವು ಪೂರ್ಣ ಎಂದೇ ಬರೆಯುತ್ತಾಳೆ. ಪ್ರಶ್ನೆಪತ್ರಿಕೆಯಲ್ಲಿ ಅಡಿಕೆ, ದೋಟಿ, ತೋಟ ಎಲ್ಲವೂ ಹಾಗೆಯೇ ಇರುತ್ತದೆ, ಬದಲಾಗುವುದು ಕತ್ತಿ ಎಳೆದನೋ ಇಲ್ಲವೋ ಎನ್ನುವುದು ಮಾತ್ರ. ಹಾಗಾಗಿ ನಿನ್ನ ಪುಸ್ತಕದಲ್ಲಿ ಉತ್ತರ ಬರೆದುಕೊಳ್ಳುವುದಕ್ಕಿಂತ, ಯಾವ ಸಂಗತಿ ಬದಲಾದರೆ ಉತ್ತರ ಮಗುಚುತ್ತದೆ ಎಂಬುದನ್ನು ಬರೆದುಕೊ. ನಾನು ಪ್ರತಿ ಸಮಸ್ಯೆಯ ಕೆಳಗೂ ಅಂಥದೊಂದು ಸಾಲು ಬರೆಯುತ್ತಿದ್ದೆ. ಹಸಿರು ಶಾಯಿಯಲ್ಲಿ "ಹಾಗಲ್ಲದೆ..." ಎಂದು ಶುರುವಾಗುವ ಸಾಲುಗಳು ಕಂಡರೆ ಅವು ಅವೇ.

(ತೋಟಕ್ಕೆ ನುಗ್ಗಿದ್ದು ಅತಿಕ್ರಮ ಪ್ರವೇಶ, ಅದು ಬೇರೆ ಅಪರಾಧ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗು. ಅದರಲ್ಲಿಯೇ ಒಂದೂವರೆ ಪುಟ ಕಳೆದು ಕಳವಿಗೆ ಸಮಯ ಸಾಲದೆ ಹೋದವರನ್ನು ನೋಡಿದ್ದೇನೆ.)

ಹಾಗಾದರೆ ನೋಟ್ಸಿನಲ್ಲಿ ಈಗ ತಪ್ಪಾಗಿರುವುದು ಯಾವುದು?

ಶಿಕ್ಷೆಯ ಭಾಗ. ಕಟ್ಟಿನಲ್ಲಿ ಇರುವುದು "3 ವರ್ಷ ಅಥವಾ ದಂಡ ಅಥವಾ ಎರಡೂ". ಮೊದಲಿಗೆ, "ವರೆಗೆ" ಎಂಬ ಪದವೇ ಬಿಟ್ಟುಹೋಗಿದೆ. ಕಾಯ್ದೆ ಹೇಳುವುದು ಮೂರು ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸ. ಮೂಲದಲ್ಲಿ ಅಣ್ಣ "3 ವ." ಎಂದು ಬರೆದಿದ್ದ. ನಾನು ಅದನ್ನು ಬಿಡಿಸಿ ಬರೆಯುವಾಗ "3 ವರ್ಷ" ಮಾಡಿದೆ. ಆಮೇಲೆ ಪೆನ್ಸಿಲಿನ ಹುಡುಗಿ ಅದರ ಪಕ್ಕ "ಕನಿಷ್ಠ?" ಎಂದು ಪ್ರಶ್ನೆಚಿಹ್ನೆ ಹಾಕಿದ್ದಾಳೆ. ನಿನ್ನ ನಂತರದವಳು ಆ ಪ್ರಶ್ನೆಚಿಹ್ನೆಯನ್ನೂ ಬಿಟ್ಟರೆ "ಕನಿಷ್ಠ 3 ವರ್ಷ" ಎಂದೇ ಆಗುತ್ತದೆ. ಮೂರು ಕೈ ದಾಟುವಷ್ಟರಲ್ಲಿ ಗರಿಷ್ಠ ಶಿಕ್ಷೆ ಕನಿಷ್ಠ ಶಿಕ್ಷೆಯಾಗುವ ದಾರಿ ಇದು. ಯಾರೂ ಸುಳ್ಳು ಬರೆದಿರಲಿಲ್ಲ.

ಎರಡನೆಯದು, ಹೊಸ 303ರ ಎರಡನೇ ಉಪಕಲಮಿನಲ್ಲಿ ಹಳೆಯದರಲ್ಲಿ ಇಲ್ಲದ ಎರಡು ಸಂಗತಿಗಳು ಸೇರಿವೆ. ಕಳವಿಗಾಗಿ ಎರಡನೆಯ ಸಲ ಅಥವಾ ಆಮೇಲೆ ಮತ್ತೆ ಅಪರಾಧಿ ಎಂದು ತೀರ್ಮಾನವಾದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಕಠಿಣ ಸೆರೆವಾಸ ಮತ್ತು ದಂಡ. ಇಲ್ಲಿ ನಿಜವಾಗಿಯೂ ಕನಿಷ್ಠ ಶಿಕ್ಷೆ ಇದೆ. ಇನ್ನೊಂದು, ಸಮುದಾಯ ಸೇವೆ. ಹಳೆಯ 53ನೇ ಕಲಮಿನ ಶಿಕ್ಷೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಹೊಸ ಸಂಹಿತೆಯ 4ನೇ ಕಲಮಿನಲ್ಲಿ ಬಂದಿದೆ. ನಮ್ಮ ಕಟ್ಟು ಆ ಪದವನ್ನೇ ಕಂಡಿಲ್ಲ.

ಗೆಳತಿಯ ಹೊಸ ನೋಟ್ಸಿನಲ್ಲಿ "5,000ಕ್ಕಿಂತ ಕಡಿಮೆಯಾದರೆ ಸಮುದಾಯ ಸೇವೆ" ಎಂದಿದೆ. ಅದನ್ನು ಸೇರಿಸಿಕೊಳ್ಳಲೇ?

ಹೊಸ ನೋಟ್ಸನ್ನೂ ನಂಬಬೇಡ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಆ ಮಾತು ಬರುವುದು 303ರ ಎರಡನೇ ಉಪಕಲಮಿನ ಪರಂತುಕದಲ್ಲಿ, ಅಂದರೆ ನಿಯಮಕ್ಕೆ ಷರತ್ತಿನ ವಿನಾಯಿತಿ ಕೊಡುವ ಭಾಗದಲ್ಲಿ. ಅದನ್ನು ಕಾಯ್ದೆಯಲ್ಲಿ ತೆರೆದು ಓದು. ಅಲ್ಲಿ ಮೂರು ಷರತ್ತುಗಳಿವೆ. ಕದ್ದ ಸ್ವತ್ತಿನ ಮೌಲ್ಯ ಐದು ಸಾವಿರ ರೂಪಾಯಿಗಿಂತ ಕಡಿಮೆ ಇರಬೇಕು. ಆತ ಮೊದಲ ಸಲ ಅಪರಾಧಿ ಎಂದು ತೀರ್ಮಾನವಾಗಿರಬೇಕು. ಜೊತೆಗೆ ಕದ್ದದ್ದನ್ನು ಅಥವಾ ಅದರ ಮೌಲ್ಯವನ್ನು ಹಿಂದಿರುಗಿಸಿರಬೇಕು. ಮೂರೂ ಕೂಡಿದಾಗ ಮಾತ್ರ ಸಮುದಾಯ ಸೇವೆ. ನಿನ್ನ ಗೆಳತಿಯ ಸಾಲಿನಲ್ಲಿ ಉಳಿದಿರುವುದು ಒಂದೇ ಷರತ್ತು. ನೆನಪಿಡಲು ಸುಲಭವಾದದ್ದು ಸಂಖ್ಯೆ, ಅದು ಉಳಿಯಿತು, ಉಳಿದೆರಡು ಕಳಚಿಬಿದ್ದವು. ಟಿಪ್ಪಣಿಯನ್ನು ಚಿಕ್ಕದು ಮಾಡುವಾಗ ಮೊದಲು ಉದುರುವುದು ಇಂಥ ಷರತ್ತುಗಳೇ. ಆದ್ದರಿಂದ ಯಾವ ನೋಟ್ಸಿನಲ್ಲಿಯೇ ಆಗಲಿ "ಆದರೆ ಹೀಗೆ" ಎಂಬಂಥ ಗಿಡ್ಡ ಸಾಲು ಕಂಡರೆ, ಕಾಯ್ದೆಯಲ್ಲಿ ಅದಕ್ಕೆ ಎಷ್ಟು "ಮತ್ತು" ಇವೆ ಎಂದು ಎಣಿಸು.

ಈಗ ಅಡಿಕೆ ಕಳ್ಳನಿಗೇ ಹಿಂದಿರುಗೋಣ. ಸಮಸ್ಯೆಯಲ್ಲಿ ಕೊಯ್ದ ಅಡಿಕೆಯ ಮೌಲ್ಯ 4,200 ರೂಪಾಯಿ ಎಂದಿಟ್ಟುಕೊ. ಆತನಿಗೆ ಇದು ಮೊದಲ ಸಲ. ಕೊನೆ ತೋಟದಲ್ಲಿಯೇ ಬಿದ್ದಿದೆ, ಮಾಲೀಕರ ಕೈಗೇ ಸೇರಿದೆ. ಮೂರೂ ಷರತ್ತು ಕೂಡಿದವು, ಸಮುದಾಯ ಸೇವೆ ಎಂದು ಬರೆಯಬಹುದು. ಮೌಲ್ಯ ಸರಿಯಾಗಿ 5,000 ಎಂದಿದ್ದರೆ? ಕಾಯ್ದೆ ಹೇಳುವುದು "ಕಡಿಮೆ". ಐದು ಸಾವಿರ, ಐದು ಸಾವಿರಕ್ಕಿಂತ ಕಡಿಮೆಯಲ್ಲ. ಪರಂತುಕ ಅನ್ವಯಿಸುವುದಿಲ್ಲ.

ಇಲ್ಲಿ ಇನ್ನೊಂದು ತಿರುವು ಇದೆ. ಇದು ಯಾರ ನೋಟ್ಸಿನಲ್ಲಿಯೂ ನನಗೆ ಕಂಡಿಲ್ಲ, ಏಕೆಂದರೆ ಇರುವುದು ಬೇರೆ ಕಾಯ್ದೆಯಲ್ಲಿ. ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ 303ರ ಎರಡನೇ ಉಪಕಲಮಿನ ಎದುರು ನೋಡು. ಸಾಮಾನ್ಯ ಕಳವು ಸಂಜ್ಞೇಯ, ಜಾಮೀನಿಗೆ ಅರ್ಹವಲ್ಲ. ಮೌಲ್ಯ ಐದು ಸಾವಿರಕ್ಕಿಂತ ಕಡಿಮೆಯಾದ ಕಳವು ಅಸಂಜ್ಞೇಯ, ಜಾಮೀನಿಗೆ ಅರ್ಹ. ಅಂದರೆ 4,200 ರೂಪಾಯಿಯ ಅಡಿಕೆ ಹೋದ ತೋಟದವರು ಠಾಣೆಗೆ ಹೋದರೆ ಪೊಲೀಸರು ಎಫ್‌ಐಆರ್ ದಾಖಲಿಸಿ ತಾವೇ ತನಿಖೆ ಶುರುಮಾಡುವಂತಿಲ್ಲ. ಅದೇ ಸಂಹಿತೆಯ 174ನೇ ಕಲಮಿನ ಪ್ರಕಾರ ದೂರಿನ ಸಾರವನ್ನು ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಹಳೆಯ ಕಾನೂನಿನಲ್ಲಿ ನೂರು ರೂಪಾಯಿಯ ಕಳವಾದರೂ ಸಂಜ್ಞೇಯವೇ ಆಗಿತ್ತು. ನೀಲಿ ಶಾಯಿಯ "ಕಳವು: ಸಂಜ್ಞೇಯ, ಜಾಮೀನಿಲ್ಲ" ಎಂಬ ಸಾಲು 2024ರ ಜೂನ್ 30ರವರೆಗೆ ಅಪ್ಪಟ ಸತ್ಯ.

380ರ ಪಕ್ಕ 305 ಎಂದು ಬರೆದದ್ದು ಸರಿ ಎಂದಿರಿ. ಅಲ್ಲಿಯೂ ತೊಂದರೆ ಇದೆಯೇ?

ಇದೆ. ಹಳೆಯ 380 ಹೇಳಿದ್ದು ಕಟ್ಟಡ, ಡೇರೆ, ಹಡಗಿನೊಳಗಿನ ಕಳವು. ಮನುಷ್ಯರು ವಾಸಿಸುವ ಅಥವಾ ಸ್ವತ್ತನ್ನು ಜೋಪಾನವಾಗಿಡುವ ಜಾಗ. ಅಷ್ಟು 305ರ ಮೊದಲ ಭಾಗದಲ್ಲಿ ಉಳಿದಿದೆ. ಅದರ ಜೊತೆಗೆ ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದ ಕಳವು, ಅಂಥ ವಾಹನದೊಳಗಿನ ಸರಕಿನ ಕಳವು, ಪೂಜಾಸ್ಥಳದ ವಿಗ್ರಹದ ಕಳವು, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಸ್ವತ್ತಿನ ಕಳವು ಎಲ್ಲವೂ ಸೇರಿವೆ. ಶಿಕ್ಷೆ ಏಳು ವರ್ಷದವರೆಗೆ ಮತ್ತು ದಂಡ.

ಒಂದೇ ಚೀಲ ಅಡಿಕೆಯನ್ನು ಮೂರು ಜಾಗದಲ್ಲಿ ಇಟ್ಟು ನೋಡು. ಅಂಗಳದಲ್ಲಿ ಒಣಗಲು ಹರವಿದ್ದಾಗ ಹೋದರೆ, ತೆರೆದ ಅಂಗಳ ಕಟ್ಟಡವಲ್ಲ ಎಂದು 303. ದಾಸ್ತಾನಿನ ಕೊಠಡಿಯಿಂದ ಹೋದರೆ ಆಗಲೂ 380, ಈಗಲೂ 305. ಮಂಡಿಗೆ ಹೊರಟ ಲಾರಿ ಚಹಾಕ್ಕೆಂದು ರಸ್ತೆ ಬದಿ ನಿಂತಿದ್ದಾಗ ಅದರಿಂದ ಹೋದರೆ? ಹಳೆಯ ನೋಟ್ಸಿನ ಪ್ರಕಾರ ಅದು ಬರೀ 379. ಈಗ 305, ಏಳು ವರ್ಷದವರೆಗೆ. ಪೆನ್ಸಿಲಿನ ಹುಡುಗಿಯ ಪುಟ ಓದಿದವಳು ಲಾರಿ ಕಟ್ಟಡವಲ್ಲ, ಆದ್ದರಿಂದ 303 ಎಂದು ತರ್ಕಬದ್ಧವಾಗಿಯೇ ತಪ್ಪು ಬರೆಯುತ್ತಾಳೆ. ಸಮುದಾಯ ಸೇವೆಯ ಪರಂತುಕ ಇರುವುದು 303ರೊಳಗೆ, 305ರಲ್ಲಿ ಅಲ್ಲ. ಲಾರಿಯಿಂದ ಹೋದ ಅಡಿಕೆ ಎರಡೇ ಕೆಜಿಯಾದರೂ ಅದನ್ನು ಅಲ್ಲಿಗೆ ಎಳೆದು ತರುವಂತಿಲ್ಲ.

ಘಟನೆ ಜೂನ್ 29ಕ್ಕೆ, ದೂರು ಕೊಟ್ಟದ್ದು ಜುಲೈ 2ಕ್ಕೆ, 2024ರಲ್ಲಿ. ಇಂಥ ಪ್ರಶ್ನೆ ಬಂದರೆ ಯಾವ ಕಾನೂನು ಬರೆಯಬೇಕು?

ಅಪರಾಧಕ್ಕೆ ಹಳೆಯದು, ಪ್ರಕ್ರಿಯೆಗೆ ಹೊಸದು. ಕಳವು ನಡೆದ ದಿನ ಜಾರಿಯಲ್ಲಿದ್ದದ್ದು ದಂಡ ಸಂಹಿತೆ. ಸಂವಿಧಾನದ 20ನೇ ವಿಧಿಯ ಮೊದಲ ಖಂಡದ ಪ್ರಕಾರ, ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಉಲ್ಲಂಘಿಸಿದ್ದಕ್ಕೆ ಮಾತ್ರ ಒಬ್ಬರನ್ನು ಅಪರಾಧಿ ಎನ್ನಬಹುದು, ಆಗ ಇದ್ದದ್ದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸುವಂತಿಲ್ಲ. ನ್ಯಾಯ ಸಂಹಿತೆಯ 358ನೇ ಕಲಮೂ ಹಳೆಯ ಹೊಣೆಗಾರಿಕೆಗಳನ್ನು ಉಳಿಸಿದೆ. ಹಾಗಾಗಿ ಆರೋಪ 379ರ ಅಡಿಯಲ್ಲಿ. ಎಫ್‌ಐಆರ್ ಮಾತ್ರ ಜುಲೈ 2ಕ್ಕೆ ದಾಖಲಾಗುವುದರಿಂದ ನಾಗರಿಕ ಸುರಕ್ಷಾ ಸಂಹಿತೆಯ 173ರ ಪ್ರಕಾರ. ಅದೇ ದೂರು ಜೂನ್ 30ಕ್ಕೇ ದಾಖಲಾಗಿ ತನಿಖೆ ಬಾಕಿ ಇದ್ದಿದ್ದರೆ, ಅದೇ ಸಂಹಿತೆಯ 531ನೇ ಕಲಮಿನಂತೆ ತನಿಖೆ ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿಯೇ ಮುಂದುವರಿಯುತ್ತದೆ.

ಸಮಸ್ಯೆಯಲ್ಲಿ ದಿನಾಂಕ ಕೊಟ್ಟಿದ್ದರೆ ಅದು ಅಲಂಕಾರಕ್ಕಲ್ಲ. ಮೊದಲು ಅದಕ್ಕೆ ಗೆರೆ ಎಳೆ. ದಿನಾಂಕವೇ ಇಲ್ಲದಿದ್ದರೆ ಈಗಿನ ಕಾನೂನು ಬರೆ, ಹಳೆಯ ಸಂಖ್ಯೆಯನ್ನು ಪಕ್ಕದಲ್ಲಿ ಒಮ್ಮೆ ಹೇಳಿದರೆ ಸಾಕು.

ಹಳೆಯ ತೀರ್ಪುಗಳನ್ನು ಉದ್ಧರಿಸಬಹುದೇ? ಅವೆಲ್ಲ 378ರ ಮೇಲೆ ಬಂದವು.

ವ್ಯಾಖ್ಯೆ ಬದಲಾಗದ ಕಡೆ ಧೈರ್ಯವಾಗಿ ಉದ್ಧರಿಸು. ಆದರೆ ಕಟ್ಟಿನಲ್ಲಿ ಇರುವ ಒಂದು ಸಾಲಿನಿಂದ ಉದ್ಧರಿಸಬೇಡ. "ಪ್ಯಾರೇಲಾಲ್ ಭಾರ್ಗವ, 1963: ತಾತ್ಕಾಲಿಕವಾಗಿ ತೆಗೆದುಕೊಂಡರೂ ಕಳವು" ಎಂದು ನೀಲಿ ಶಾಯಿಯಲ್ಲಿದೆ. ಸುಪ್ರೀಂ ಕೋರ್ಟಿನ ತೀರ್ಪು, ಸಾಲು ಸುಳ್ಳಲ್ಲ. ಆದರೆ ಅಷ್ಟೇ ಓದಿದರೆ ಕೇಳದೆ ಎರವಲು ಪಡೆದದ್ದೆಲ್ಲ ಕಳವು ಎನ್ನಿಸಿಬಿಡುತ್ತದೆ.

ಅಲ್ಲಿ ನಡೆದದ್ದೇನೆಂದರೆ, ಅಲ್ವರಿನ ಮುಖ್ಯ ಎಂಜಿನಿಯರರ ಕಚೇರಿಯ ಅಧೀಕ್ಷಕನೊಬ್ಬ ಇಲಾಖೆಯ ಕಡತವನ್ನು ಹೊರಗೆ ತರಿಸಿ ಮನೆಗೆ ಒಯ್ದ. ಅದನ್ನು ಗೆಳೆಯನಿಗೆ ಕೊಟ್ಟ, ಆ ಗೆಳೆಯ ಅದರೊಳಗಿನ ಕಾಗದಗಳನ್ನು ಬದಲಿಸಿದ, ಮರುದಿನ ಕಡತ ಕಚೇರಿಗೆ ಹಿಂದಿರುಗಿತು. ಒಂದೇ ದಿನದ ಮಟ್ಟಿಗೆ ಹೋಗಿತ್ತು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ನಷ್ಟ ಶಾಶ್ವತವಾಗಿರಬೇಕಾಗಿಲ್ಲ, ತಾತ್ಕಾಲಿಕವಾಗಿ ಕಳೆದುಕೊಂಡರೂ ಅದು ಅಕ್ರಮ ನಷ್ಟವೇ ಎಂದಿತು. ಅಂದರೆ ಅಪ್ರಾಮಾಣಿಕ ಉದ್ದೇಶ ಇರಲೇಬೇಕು, ಅವಧಿ ಮಾತ್ರ ಲೆಕ್ಕಕ್ಕಿಲ್ಲ. ಅಣ್ಣನ ಸಾಲಿನಲ್ಲಿ ಎರಡನೆಯ ಅರ್ಧ ಇದೆ, ಮೊದಲನೆಯ ಅರ್ಧ ಇಲ್ಲ.

ಅದರ ಎದುರಿಗೆ ಕಳವಿನ ಕಲಮಿನ ಕೆಳಗಿರುವ ಒಂದು ದೃಷ್ಟಾಂತವನ್ನು ಇಟ್ಟು ನೋಡು. ಒಬ್ಬ ತನ್ನ ಸ್ನೇಹಿತನ ಗ್ರಂಥಾಲಯಕ್ಕೆ ಆತ ಇಲ್ಲದಾಗ ಹೋಗಿ, ಓದಿ ಹಿಂದಿರುಗಿಸಲೆಂದು ಪುಸ್ತಕ ಒಯ್ಯುತ್ತಾನೆ. ಸ್ನೇಹಿತನ ಸಮ್ಮತಿ ಇದ್ದೇ ಇರುತ್ತದೆ ಎಂದು ಆತ ಭಾವಿಸಿದ್ದರೆ ಅದು ಕಳವಲ್ಲ. ನಾನು ಊರಿಗೆ ಹೋಗಿದ್ದಾಗ ನೀನು ನನ್ನ ಕಪಾಟಿನಿಂದ ಕಟ್ಟು ಒಯ್ದೆಯಲ್ಲ, ನಿನ್ನನ್ನು ಕಾಪಾಡುವುದು ಈ ದೃಷ್ಟಾಂತವೇ.

ನಿಮ್ಮ ಅಂಚಿನ ಟಿಪ್ಪಣಿಗಳು? "ಖಂಡಿತ ಬರುತ್ತದೆ", "ಬಿಡಬಹುದು" ಎಂದು ಬರೆದಿದ್ದೀರಿ.

ಆ ವರ್ಷದ ಊಹೆ. ನೋಡಬೇಡ.

ನೋಟ್ಸಿನ ಮಾದರಿ ಅರ್ಜಿಗಳನ್ನು ಹಾಗೆಯೇ ಬಳಸಬಹುದೇ? ನೀವು ಯಾವತ್ತೂ ನಕಲು ಮಾಡಿಲ್ಲವೇ?

ಮಾಡಿದ್ದೇನೆ, ಮಾಡಿ ಮಾನ ಕಳೆದುಕೊಂಡಿದ್ದೇನೆ. 2024ರ ಜುಲೈ ಕೊನೆಯ ವಾರ, ಬಿಡದ ಮಳೆ. ನಾನು ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆಯೇ ನಿರೀಕ್ಷಣಾ ಜಾಮೀನಿನ ಅರ್ಜಿ ಸಿದ್ಧಪಡಿಸಬೇಕಿತ್ತು. ನಮ್ಮ ಕಚೇರಿಯಲ್ಲಿ ಒಂದು ಮಾದರಿ ಇತ್ತು, ಎಷ್ಟೋ ಅರ್ಜಿಗಳ ತಾಯಿ ಅದು. ಅದನ್ನೇ ತೆರೆದು ಹೆಸರು, ವಿಳಾಸ, ಅಪರಾಧ ಸಂಖ್ಯೆ ಬದಲಿಸಿದೆ. ಕಾಯ್ದೆ ಬದಲಾಗಿದೆ ಎನ್ನುವುದು ಗೊತ್ತಿತ್ತು, ಶೀರ್ಷಿಕೆಯಲ್ಲಿ 438 ತೆಗೆದು 482 ಹಾಕಿ ಬೀಗಿದೆ ಕೂಡ.

ಮಧ್ಯಾಹ್ನ ಹಿರಿಯರು ಅರ್ಜಿಯನ್ನು ನನ್ನ ಮುಂದಿಟ್ಟು ಏಳನೇ ಕಂಡಿಕೆ ಓದು ಎಂದರು. "ಅರ್ಜಿದಾರನು ವಯೋವೃದ್ಧನಾಗಿದ್ದು ಮಧುಮೇಹದಿಂದ ಬಳಲುತ್ತಿದ್ದು" ಎಂದಿತ್ತು. ನಮ್ಮ ಅರ್ಜಿದಾರನಿಗೆ ಇಪ್ಪತ್ತಮೂರು ವರ್ಷ. ಕೊನೆಯ ಪ್ರಾರ್ಥನೆಯಲ್ಲಿ 438 ಹಾಗೆಯೇ ಕುಳಿತಿತ್ತು. ಪುಣ್ಯಕ್ಕೆ ಅದು ಕಚೇರಿಯ ಮೇಜು ದಾಟಿರಲಿಲ್ಲ. ಹಿರಿಯರು ಬೈಯಲಿಲ್ಲ. ಮಾದರಿಯನ್ನು ಮುಚ್ಚಿಸಿ, ಹುಡುಗನ ಕಡೆಯವರು ತಂದಿದ್ದ ಕಾಗದಗಳನ್ನಷ್ಟೇ ಮುಂದಿಟ್ಟುಕೊಂಡು ಸಂಗತಿಗಳ ಭಾಗವನ್ನು ಕೈಯಲ್ಲಿ ಬರೆಯಲು ಹೇಳಿದರು. ಮುಗಿದ ಮೇಲೆಯೇ ಮಾದರಿ ತೆರೆಯಲು ಬಿಟ್ಟರು, ಅದೂ ಏನು ಬಿಟ್ಟುಹೋಗಿದೆ ಎಂದು ನೋಡಲು ಮಾತ್ರ. ಹುಡುಗನ ಮೇಲೆ ಹಿಂದೆ ಪ್ರಕರಣವಿಲ್ಲ, ತನಿಖೆಗೆ ಸಹಕರಿಸುತ್ತಾನೆ ಎಂಬ ಎರಡು ಮಾತು ನನ್ನ ಬರಹದಲ್ಲಿ ಇರಲಿಲ್ಲ, ಮಾದರಿಯಲ್ಲಿತ್ತು. ಮೊದಲನೆಯದು ನಿಜವೇ ಎಂದು ಅವರ ಮನೆಯವರಿಗೆ ಫೋನ್ ಮಾಡಿ ಕೇಳಿದ ನಂತರ ಸೇರಿಸಿದೆವು.

ಈಗಲೂ ನಾನು ಅದೇ ಕ್ರಮದಲ್ಲಿ ಬರೆಯುತ್ತೇನೆ. ಕಟ್ಟಿನ ಕೊನೆಯಲ್ಲಿರುವ ಮಾದರಿಗಳನ್ನು ನೀನೂ ಹಾಗೆ ಬಳಸು: ಮೊದಲು ನಿನ್ನ ಬರಹ, ಆಮೇಲೆ ಅದು.

ನೋಟ್ಸು ಯಾವಾಗ ಹಿಂದಿರುಗಿಸಬೇಕು?

ಅವಸರವಿಲ್ಲ. ದೀಪಾವಳಿಗೆ ನಾನು ಊರಿಗೆ ಹೋಗುವಾಗ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕೊಟ್ಟರೆ ಸಾಕು. ನಲವತ್ತೊಂದನೇ ಪುಟದ ಮೇಲೆ ಕಾಫಿ ಚೆಲ್ಲಿ ಎರಡು ಸಾಲು ಅಳಿಸಿಹೋಗಿವೆ. ಸುಲಿಗೆಯ ವ್ಯಾಖ್ಯೆಯ ನಡುವಿನ ಸಾಲುಗಳು ಇರಬೇಕು. ಅಲ್ಲಿ ಏನಿತ್ತು ಎಂದು ನನ್ನನ್ನು ಕೇಳಬೇಡ, ಕಾಯ್ದೆಯಲ್ಲಿ ನೋಡಿ ನಿನ್ನ ಶಾಯಿಯಲ್ಲಿ ಬರೆ. ಕೆಂಪು ಬೇಡ, ಮಳೆಗಾಲದಲ್ಲಿ ಹರಡುತ್ತದೆ.

ನಿನ್ನ ಅಕ್ಕ